ಬಾಟಲಿ ಖಾಲಿ, ನಾಯಿ ಮಾತ್ರ ಇನ್ನೂ ಒಣಗಿದೆ: ಸಲೈನ್ ಮೇಲಿರುವ ನಾಯಿಗೆ ಪಾಳಿ ಚೀಟಿ ಬರೆಯುವುದು ಹೇಗೆ

«ಪಾರ್ವೊ ಮರಿ, ಆರ್‌ಎಲ್ ನಡೀತಿದೆ, ನೋಡ್ಕೊಳ್ಳಿ.» ಪಾಳಿ ಬದಲಾಗುವಾಗ ಕೈಗೆ ಸಿಗುವ ಚೀಟಿಯಲ್ಲಿ ಎಷ್ಟೋ ಸಲ ಇರುವುದು ಇಷ್ಟೇ. ಪಾರ್ವೊ ಅಂದರೆ ನಾಯಿಮರಿಗಳಿಗೆ ವಾಂತಿ ಭೇದಿ ತರುವ ಅಂಟು ವೈರಸ್ ರೋಗ, ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್ ಸಲೈನ್. ಏನನ್ನು ನೋಡಬೇಕು, ಎಷ್ಟು ಇದ್ದರೆ ಸರಿ, ಎಷ್ಟಾದರೆ ಫೋನ್ ಮಾಡಬೇಕು ಅಂತ ಇರುವುದೇ ಇಲ್ಲ. ರಾತ್ರಿ ಪಾಳಿಯವರು ಬಾಟಲಿ ನೋಡುತ್ತಾರೆ. ಹನಿ ಬೀಳುತ್ತಿದೆ ಅಂದರೆ ಎಲ್ಲ ಸರಿ ಅಂದುಕೊಳ್ಳುತ್ತಾರೆ. ಆದರೆ ಹನಿ ಬೀಳುವುದು ಕಾಣುವುದು ಮೇಲಿನ ಡಬ್ಬಿಯಲ್ಲಿ. ಅದು ನಾಯಿಯ ರಕ್ತನಾಳಕ್ಕೆ ಹೋಗುತ್ತಿದೆಯೋ, ಚರ್ಮದ ಕೆಳಗೆ ಸೇರುತ್ತಿದೆಯೋ, ಟವೆಲ್ ಮೇಲೆ ಸುರಿಯುತ್ತಿದೆಯೋ ಎಂಬುದನ್ನು ಆ ಡಬ್ಬಿ ಹೇಳುವುದಿಲ್ಲ.

ಬಾಗಲಕೋಟೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಇನ್‌ಫ್ಯೂಷನ್ ಪಂಪ್ ಇಲ್ಲ. ಸುತ್ತಲಿನ ಬಹಳಷ್ಟು ಕಡೆ ಇದೇ ಕತೆ. ಸಲೈನ್ ನಳಿಕೆಯ ಮೇಲಿನ ರೋಲರ್ ತಿರುಗಿಸಿ, ಗಡಿಯಾರ ನೋಡಿ ಹನಿ ಎಣಿಸುವುದೇ ನಮ್ಮ ಪಂಪು. ಹಾಗಾಗಿ ದೋಷ ಹಿಡಿಯುವುದಕ್ಕೆ ಮೂರು ಸಾಕ್ಷಿಗಳನ್ನು ಇಟ್ಟುಕೊಂಡಿದ್ದೇವೆ: ಬಾಟಲಿ, ತೂಕ, ನಾಯಿ. ಮೂರೂ ಒಂದೇ ಮಾತು ಹೇಳಿದರೆ ನೆಮ್ಮದಿ. ಒಂದು ಬೇರೆ ಹೇಳಿತೋ, ಎಲ್ಲೋ ಏನೋ ಕೆಟ್ಟಿದೆ. ಏನು ಕೆಟ್ಟಿದೆ ಅನ್ನುವುದೂ ಆ ವ್ಯತ್ಯಾಸದಲ್ಲೇ ಸಿಗುತ್ತದೆ. ಒಂದು ಮರಿಯ ಲೆಕ್ಕ ಹಿಡಿದೇ ಇದನ್ನು ಹೇಳುತ್ತೇನೆ.

ಮರಿ ಮತ್ತು ಅದರ ಲೆಕ್ಕ

ಮುಧೋಳ ಕಡೆಯ ರೈತರೊಬ್ಬರು ತಂದ ಬೇಟೆನಾಯಿ ತಳಿಯ ಮರಿ, ಐದು ತಿಂಗಳದು. ವಾಂತಿ, ರಕ್ತ ಬೆರೆತ ಭೇದಿ. ಪಾರ್ವೊ ಪರೀಕ್ಷೆ ಪಾಸಿಟಿವ್. ಮಧ್ಯಾಹ್ನ 2ಕ್ಕೆ ತೂಕ 12 ಕೆ.ಜಿ. ಒಸಡು ಅಂಟಂಟು, ಕಣ್ಣು ಒಳಗೆ ಹೋಗಿವೆ, ಒಸಡು ಒತ್ತಿ ಬಿಟ್ಟರೆ ಬಣ್ಣ ಮರಳಲು ಸುಮಾರು 2 ಸೆಕೆಂಡ್. ನೀರಿನಂಶ 8% ಕಡಿಮೆ ಅಂತ ಡಾಕ್ಟರ್ ಅಂದಾಜು ಮಾಡಿದರು.

ಈ ತಳಿಯಲ್ಲಿ ಚರ್ಮ ಎಳೆದು ನೋಡುವ ಪರೀಕ್ಷೆಯನ್ನು ಜಾಸ್ತಿ ನಂಬಬೇಡಿ. ಮೈಮೇಲೆ ಕೊಬ್ಬು ಕಡಿಮೆ. ಆರೋಗ್ಯವಾಗಿದ್ದಾಗಲೂ ಎಳೆದ ಚರ್ಮ ನಿಧಾನಕ್ಕೆ ಮರಳಬಹುದು. ದಪ್ಪ ಲ್ಯಾಬ್ರಡಾರ್ ಮರಿಯಲ್ಲಿ ಇದು ಉಲ್ಟಾ, ಒಣಗಿದ್ದರೂ ಚರ್ಮ ಪಟ್ಟನೆ ಮರಳಿ ಮೋಸ ಮಾಡುತ್ತದೆ. ಒಸಡು, ಕಣ್ಣು, ತೂಕ ಇವೇ ವಾಸಿ.

ಲೆಕ್ಕ ಹೀಗಿತ್ತು. 12 ಕೆ.ಜಿ.ಯ 8% ಅಂದರೆ 960 ಮಿ.ಲೀ., ಇದು ಈಗಾಗಲೇ ಕಳೆದುಕೊಂಡದ್ದು. ದಿನದ ಸಾಮಾನ್ಯ ಅಗತ್ಯ ಕೆ.ಜಿ.ಗೆ 60 ಮಿ.ಲೀ.ನಂತೆ 720 ಮಿ.ಲೀ. ಮುಂದಿನ 24 ಗಂಟೆಯಲ್ಲಿ ವಾಂತಿ ಭೇದಿಯಲ್ಲಿ ಹೋಗಬಹುದಾದದ್ದು ಸುಮಾರು 320 ಮಿ.ಲೀ. ಮೂರೂ ಕೂಡಿದರೆ 2,000 ಮಿ.ಲೀ. ಗಂಟೆಗೆ ಹತ್ತಿರ ಹತ್ತಿರ 84.

ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ. ಅಂದರೆ ನಿಮಿಷಕ್ಕೆ 28 ಹನಿ, 15 ಸೆಕೆಂಡಿಗೆ 7 ಹನಿ. ಚೀಟಿಯಲ್ಲಿ «84 ಮಿ.ಲೀ.» ಅಂತಷ್ಟೇ ಬರೆದರೆ ರಾತ್ರಿ ನಿದ್ದೆಗಣ್ಣಿನಲ್ಲಿ ಯಾರೂ ಭಾಗಾಕಾರ ಮಾಡುವುದಿಲ್ಲ. «15 ಸೆಕೆಂಡಿಗೆ 7 ಹನಿ» ಅಂತ ಬರೆದರೆ ಮಾಡುತ್ತಾರೆ. ಸೆಟ್ ಯಾವುದು ಅಂತಲೂ ಬರೆಯಿರಿ. ಮೈಕ್ರೊ ಸೆಟ್‌ನಲ್ಲಿ 60 ಹನಿಗೆ 1 ಮಿ.ಲೀ. ಯಾರಾದರೂ ಸೆಟ್ ಬದಲಿಸಿ, ಹನಿ ಲೆಕ್ಕ ಹಳೆಯದೇ ಬಿಟ್ಟರೆ ಮರಿಗೆ ಸಿಗುವುದು ಮೂರರಲ್ಲಿ ಒಂದು ಪಾಲು.

ಇದೇ ವೇಗದಲ್ಲಿ 500 ಮಿ.ಲೀ. ಬಾಟಲಿ ಆರು ಗಂಟೆಗೆ ಮುಗಿಯುತ್ತದೆ. ಬಾಟಲಿ ಮೇಲೆ ಉದ್ದಕ್ಕೆ ಒಂದು ಬಿಳಿ ಟೇಪ್ ಅಂಟಿಸಿ, ಯಾವ ಗಂಟೆಗೆ ನೀರು ಎಲ್ಲಿರಬೇಕು ಅಂತ ಗೆರೆ ಎಳೆದುಬಿಡಿ. ಹನಿ ಎಣಿಸುವುದಕ್ಕಿಂತ ಇದು ಗಟ್ಟಿ. ಯಾಕೆಂದರೆ ಹನಿ ವೇಗ ನಾಯಿ ಮಲಗಿದಾಗ ಒಂದು, ಎದ್ದು ನಿಂತಾಗ ಒಂದು.

ಇನ್ನು ತೂಕ. ಚೀಟಿಯಲ್ಲಿ ಇರಲೇಬೇಕಾದ ಅಂಕಿ ಇದು, ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. 1 ಲೀಟರ್ ನೀರು ಅಂದರೆ 1 ಕೆ.ಜಿ. ನೀರು ಪೂರ್ತಿ ತುಂಬಿದಾಗ ಈ ಮರಿ ಸುಮಾರು 13 ಕೆ.ಜಿ. ಇರಬೇಕು. ದಿನದ ಅಗತ್ಯ ಮತ್ತು ಭೇದಿಯ ಪಾಲು ಬಂದಷ್ಟೇ ಹೊರಗೆ ಹೋಗುತ್ತದೆ. ಕೊರತೆಯ 960 ಮಿ.ಲೀ. ಮಾತ್ರ ಮೈಯಲ್ಲಿ ಉಳಿಯುತ್ತದೆ. ಅಂದರೆ ಗಂಟೆಗೆ 40 ಗ್ರಾಂ, ಆರು ಗಂಟೆಗೆ 240 ಗ್ರಾಂ ಏರಬೇಕು. 2ಕ್ಕೆ 12.0 ಇದ್ದದ್ದು ರಾತ್ರಿ 8ಕ್ಕೆ 12.2ರ ಮೇಲೆ, ರಾತ್ರಿ 2ಕ್ಕೆ ಸುಮಾರು 12.45. ಈ ಅಂಕಿಗಳನ್ನು ಮೊದಲೇ ಬರೆದಿಡಬೇಕು. ಆಮೇಲೆ ತೂಗಿ, «ಹ್ಞಾಂ, ಸರಿ ಇದೆ» ಅನ್ನುವುದು ಸುಲಭ. ಏನು ಬರಬೇಕಿತ್ತು ಅಂತ ಮೊದಲೇ ಬರೆದಿದ್ದರೆ ಹಾಗೆ ಅನ್ನಲು ಬರುವುದಿಲ್ಲ.

ಇದಕ್ಕೆ ಒಂದೇ ತಕ್ಕಡಿ ಬೇಕು, 50 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು. ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ನಾವು ಹುಡುಕುತ್ತಿರುವುದು 240 ಗ್ರಾಂ. ಆ ತಕ್ಕಡಿಯ ತಪ್ಪೇ ಅಷ್ಟಿರುತ್ತದೆ. ಬೆಲ್ಟು, ಹೊದಿಕೆ ತೆಗೆದು ತೂಗಿ. ಸಲೈನ್ ನಳಿಕೆ ತಕ್ಕಡಿ ಮೇಲೆ ಬೀಳದಂತೆ ಒಬ್ಬರು ಮೇಲೆ ಹಿಡಿದುಕೊಳ್ಳಲಿ.

ರಾತ್ರಿ 2 ಗಂಟೆಗೆ ಆದದ್ದು

ಮೊದಲ ಬಾಟಲಿ ಸಮಯಕ್ಕೆ ಮುಗಿಯಿತು. ರಾತ್ರಿ 8ಕ್ಕೆ ತೂಕ 12.2, ಸರಿ. ಸಂಜೆ ರಕ್ತದ ಸಕ್ಕರೆ 68ಕ್ಕೆ ಇಳಿದಿತ್ತು, ಪೊಟ್ಯಾಷಿಯಂ 3.6. ಹಾಗಾಗಿ ಎರಡನೇ ಬಾಟಲಿಗೆ ಡಾಕ್ಟರ್ ಎರಡು ಔಷಧಿ ಸೇರಿಸಿದರು. 50 ಮಿ.ಲೀ. ಆರ್‌ಎಲ್ ತೆಗೆದು ಅಷ್ಟೇ 25% ಡೆಕ್ಸ್‌ಟ್ರೋಸ್, ಜೊತೆಗೆ 5 ಮಿ.ಲೀ. ಪೊಟ್ಯಾಷಿಯಂ ಕ್ಲೋರೈಡ್, ಅಂದರೆ 10 ಮಿಲಿಈಕ್ವಿವಲೆಂಟ್. ಪೊಟ್ಯಾಷಿಯಂ ಹಾಕಿದ ಮೇಲೆ ಬಾಟಲಿಯನ್ನು ನಾಲ್ಕೈದು ಸಲ ತಲೆಕೆಳಗು ಮಾಡಿ ಬೆರೆಸಬೇಕು. ಇಲ್ಲದಿದ್ದರೆ ಅದು ತಳದಲ್ಲಿ ಕೂತು ಮೊದಲಿಗೇ ಗಟ್ಟಿಯಾಗಿ ಇಳಿಯುತ್ತದೆ. ಬಾಟಲಿಗೆ ಕೆಂಪು ಅಕ್ಷರದ ಚೀಟಿಯೂ ಬೇಕು: «ಪೊಟ್ಯಾಷಿಯಂ ಇದೆ, ರೋಲರ್ ಪೂರ್ತಿ ತೆರೆಯಬೇಡಿ.»

2ಕ್ಕೆ ಬಾಟಲಿ ಟೇಪಿನ ಗೆರೆಯಂತೆಯೇ ಖಾಲಿ. ತೂಕ 12.15. ಏರಬೇಕಾದದ್ದು ಇಳಿದಿದೆ. ಮರಿಯ ಜೊತೆ ಉಳಿದಿದ್ದ ರೈತರೂ ಬೇರೆ ದಾರಿಯಿಂದ ಅದನ್ನೇ ಹೇಳಿದರು: «ಬಾಟ್ಲಿ ಮುಗದ್ರೂ ಕಣ್ಣ ಹಂಗ ಒಳಗ ಅದಾವಲ್ರೀ?»

ರಾತ್ರಿ ಪಾಳಿಯ ಹುಡುಗ ಡಾಕ್ಟರಿಗೆ ಫೋನ್ ಮಾಡಿದ.

«ಮೇಡಂ, ಬಾಟ್ಲಿ ಟೈಮಿಗೆ ಮುಗದೈತ್ರಿ. ತೂಕ ಮಾತ್ರ ಇಳದೈತ್ರಿ.»

«ವಾಂತಿ, ಭೇದಿ ಎಷ್ಟ ಆಗೇತಿ?»

«ಒಂದ್ ವಾಂತಿ, ಎರಡ ಸಣ್ಣ ಭೇದಿರಿ. ಮೂತ್ರ ಮಾಡೈತಿ, ಟವೆಲ್ ಪೂರಾ ಹಸಿ ಐತ್ರಿ.»

«ಎಲ್ಲಿ ಹಸಿ ಐತಿ ನೋಡು ತಮ್ಮಾ. ಮುಂದ ಏನು, ಹಿಂದ?»

ಹುಡುಗ ಬಗ್ಗಿ ನೋಡಿದ. ಟವೆಲ್ ಹಿಂಗಾಲಿನ ಕಡೆ ಒಣಗಿತ್ತು, ಮುಂಗಾಲಿನ ಕೆಳಗೆ ತೊಪ್ಪೆಯಾಗಿತ್ತು. ಹಳದಿ ಬಣ್ಣವಿಲ್ಲ, ಮೂತ್ರದ ವಾಸನೆಯಿಲ್ಲ. ಪಂಜರದ ಮೂಲೆಯಿಂದ ಕೆಂಪಿರುವೆಗಳ ಒಂದು ಸಾಲು ನೇರವಾಗಿ ಆ ಹಸಿ ಜಾಗಕ್ಕೆ ಬಂದಿತ್ತು. ಡೆಕ್ಸ್‌ಟ್ರೋಸ್ ಹಾಕಿದ ಸಲೈನ್ ಸೋರಿದರೆ ನಮ್ಮೂರಲ್ಲಿ ಮೊದಲು ಪತ್ತೆ ಹಚ್ಚುವುದು ಇರುವೆಗಳೇ. ಬೆರಳಲ್ಲಿ ಮುಟ್ಟಿದರೆ ಸ್ವಲ್ಪ ಅಂಟು. ಇಂಜೆಕ್ಷನ್ ಕೊಡಲು ಹಾಕುವ ಮೂರು ದಾರಿಯ ತಿರುಪಾದ ತ್ರೀ-ವೇ ಮತ್ತು ನಳಿಕೆ ಸೇರುವ ಜಾಗದಲ್ಲಿ, ಪಟ್ಟಿಯ ಮಡಿಕೆಯೊಳಗೆ, ಹನಿ ಹನಿಯಾಗಿ ಸೋರುತ್ತಿತ್ತು. ರಾತ್ರಿಯ ಆಂಟಿಬಯಾಟಿಕ್ ಕೊಟ್ಟಾದ ಮೇಲೆ ಆ ಜೋಡಣೆ ಸಡಿಲಾಗಿ ಉಳಿದಿತ್ತು.

ಎಷ್ಟು ಸೋರಿತ್ತು? 8ರಿಂದ 2ರವರೆಗೆ ತೂಕ 240 ಗ್ರಾಂ ಏರಬೇಕಿತ್ತು, 50 ಗ್ರಾಂ ಇಳಿಯಿತು. ವ್ಯತ್ಯಾಸ ಸುಮಾರು 290. ಅಂದರೆ 500 ಮಿ.ಲೀ.ಯಲ್ಲಿ ಹೆಚ್ಚೆಂದರೆ 200 ಚಿಲ್ಲರೆ ಒಳಗೆ ಹೋಗಿದೆ. ಇದರ ಜೊತೆಗೇ ಇನ್ನೊಂದನ್ನು ಯೋಚಿಸಬೇಕು. ನೀರಿನ ಜೊತೆ ಸಕ್ಕರೆಯೂ ಸೋರಿದೆ ಅಲ್ವಾ? ಕೂಡಲೇ ಸಕ್ಕರೆ ನೋಡಿದರೆ 58. 60ಕ್ಕಿಂತ ಕೆಳಗೆ ಹೋದರೆ ಕಾಯುವ ಹಾಗಿಲ್ಲ. ಡಾಕ್ಟರ್ ಹೇಳಿದಂತೆ 25% ಡೆಕ್ಸ್‌ಟ್ರೋಸ್ 12 ಮಿ.ಲೀ., ಅಷ್ಟೇ ನಾರ್ಮಲ್ ಸಲೈನ್ ಬೆರೆಸಿ ಐದು ನಿಮಿಷದಲ್ಲಿ ನಿಧಾನಕ್ಕೆ ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರು. ಆಗ 112.

ಸೆಟ್ ಮತ್ತು ತ್ರೀ-ವೇ ಎರಡನ್ನೂ ಬದಲಿಸಿದರು. ಸಡಿಲ ಜೋಡಣೆಯನ್ನು ಸುಮ್ನೆ ಬಿಗಿ ಮಾಡಿ ಮುಂದುವರಿಸುವವರಿದ್ದಾರೆ. ಪಾರ್ವೊ ಮರಿಯಲ್ಲಿ ಬಿಳಿ ರಕ್ತಕಣ ಕಡಿಮೆ ಇರುತ್ತದೆ, ಸುತ್ತ ಭೇದಿಯ ಕೊಳೆ, ಗಂಟೆಗಟ್ಟಲೆ ತೆರೆದಿದ್ದ ಜೋಡಣೆ. ನನ್ನ ಮಟ್ಟಿಗೆ ಅಲ್ಲಿ ಸೆಟ್‌ನ ದುಡ್ಡು ಉಳಿಸುವುದರಲ್ಲಿ ಅರ್ಥವಿಲ್ಲ.

ಹೋದದ್ದನ್ನು ತುಂಬಿಸಲು ರೋಲರ್ ಪೂರ್ತಿ ತೆರೆಯುವ ಆಸೆ ಎಲ್ಲರಿಗೂ ಬರುತ್ತದೆ. ಮುಂದಿನ ಬಾಟಲಿಯಲ್ಲೂ ಪೊಟ್ಯಾಷಿಯಂ ಇದೆ, ಆದ್ದರಿಂದ ಅದು ಬೇಡವೇ ಬೇಡ. ಪೊಟ್ಯಾಷಿಯಂ ಗಂಟೆಗೆ ಕೆ.ಜಿ.ಗೆ 0.5 ಮಿಲಿಈಕ್ವಿವಲೆಂಟ್ ದಾಟಬಾರದು, ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಬದಲಿಗೆ ತೂಕದಿಂದ ಹೊಸ ಲೆಕ್ಕ ಹಾಕಿದರು. ಗುರಿ 13.0, ಈಗ 12.15, ಕೊರತೆ 850 ಮಿ.ಲೀ. ಅದನ್ನು 16 ಗಂಟೆಗೆ ಹಂಚಿದರೆ ಗಂಟೆಗೆ 53. ಸಾಮಾನ್ಯ ಅಗತ್ಯ 30, ಭೇದಿಗೆ 13. ಒಟ್ಟು 96. ಅಂದರೆ 15 ಸೆಕೆಂಡಿಗೆ 8 ಹನಿ. ಇಷ್ಟೆಲ್ಲ ಗದ್ದಲದ ನಂತರ ಬದಲಾದದ್ದು ಒಂದೇ ಒಂದು ಹನಿ! ಆ ವೇಗದಲ್ಲಿ ಪೊಟ್ಯಾಷಿಯಂ ಗಂಟೆಗೆ ಕೆ.ಜಿ.ಗೆ 0.16, ಮಿತಿಯೊಳಗೇ ಇದೆ.

ಬಾಟಲಿ, ತೂಕ, ನಾಯಿ: ಬೇರೆ ಬೇರೆ ಹೇಳಿದಾಗ

ಮೇಲಿನದು ಒಂದು ಬಗೆ: ಬಾಟಲಿ ಖಾಲಿ, ತೂಕ ಏರಿಲ್ಲ. ಇದಕ್ಕೆ ಎರಡೇ ಕಾರಣ. ನೀರು ನಾಯಿಯೊಳಗೆ ಹೋಗೇ ಇಲ್ಲ, ಅಥವಾ ಹೋಗಿ ಹೊರಗೆ ಬಂದಿದೆ. ಬಂದಿದ್ದರೆ ವಾಂತಿ, ಭೇದಿ, ಮೂತ್ರದಲ್ಲಿ ಸಿಗಬೇಕು. ಅದಕ್ಕೇ «ಭೇದಿ ಆಯ್ತು» ಅಂತ ಬರೆಯುವ ಬದಲು ಹಸಿಯಾದ ಬಟ್ಟೆಯನ್ನು ತೂಗಿ, ಒಣ ಬಟ್ಟೆಯ ತೂಕ ಕಳೆದು ಬರೆಯಿರಿ. 100 ಗ್ರಾಂ ಜಾಸ್ತಿ ಇದ್ದರೆ 100 ಮಿ.ಲೀ. ಹೋಗಿದೆ. ಅಂದಾಜಿಗಿಂತ ಹೆಚ್ಚು ಹೋಗುತ್ತಿದ್ದರೆ ಸೆಟ್ ಸರಿಯಾಗಿದೆ, ಲೆಕ್ಕ ಹಳೆಯದಾಗಿದೆ. ಡಾಕ್ಟರ್ ವೇಗ ಏರಿಸಬೇಕು.

ಎರಡನೇ ಬಗೆ: ಬಾಟಲಿ ಖಾಲಿ, ತೂಕವೂ ಏರಿದೆ, ನಾಯಿ ಮಾತ್ರ ಒಣಗಿದೆ. ಇಲ್ಲಿ ತೂಕವನ್ನಷ್ಟೇ ನಂಬಿದವರು ಮೋಸ ಹೋಗುತ್ತಾರೆ. ನಾಳದೊಳಗೆ ಕೂರಿಸಿದ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ನಾಳದಿಂದ ಹೊರಬಂದು ನೀರು ಚರ್ಮದ ಕೆಳಗೆ ಸೇರಿದರೂ ತಕ್ಕಡಿಗೆ ಅದು ನಾಯಿಯ ತೂಕವೇ. ಅದಕ್ಕೆ ಎರಡೂ ಮುಂಗಾಲುಗಳನ್ನು ಒಟ್ಟಿಗೆ ಹಿಡಿದು ಹೋಲಿಸಿ ನೋಡಬೇಕು. ಊತ ಎಲ್ಲಿದೆ ಎಂಬುದು ಮುಖ್ಯ. ಕ್ಯಾನುಲಾದ ತುದಿಯ ಹತ್ತಿರ ಮತ್ತು ಅದರ ಮೇಲೆ, ಮೊಣಕೈ ಕಡೆ, ತಣ್ಣಗೆ ಮೆತ್ತಗೆ ಉಬ್ಬಿದ್ದರೆ ನೀರು ಹೊರಗೆ ಹೋಗುತ್ತಿದೆ. ಬೆರಳುಗಳ ಕಡೆ, ಪಟ್ಟಿಯ ಕೆಳಗೆ ಉಬ್ಬಿ, ಉಗುರಿನ ಬೆರಳುಗಳು ಅಗಲವಾಗಿ ಹರಡಿದ್ದರೆ ಪಟ್ಟಿ ಬಿಗಿಯಾಗಿದೆ. ಮೊದಲನೆಯದಕ್ಕೆ ಸಲೈನ್ ನಿಲ್ಲಿಸಿ ಕ್ಯಾನುಲಾ ತೆಗೆಯಬೇಕು. ಎರಡನೆಯದಕ್ಕೆ ಪಟ್ಟಿ ಬಿಚ್ಚಿ ಸಡಿಲವಾಗಿ ಕಟ್ಟಿದರೆ ಸಾಕು. ಇವೆರಡನ್ನೂ ಒಂದೇ ಮಾಡಿ, «ಕಾಲು ಊದಿದೆ» ಅಂತ ಬರೆದರೆ ಮುಂದಿನವರು ಒಳ್ಳೆಯ ಕ್ಯಾನುಲಾವನ್ನೇ ಕಿತ್ತುಬಿಡುತ್ತಾರೆ. ಒಣಗಿದ ಮರಿಯಲ್ಲಿ ಇನ್ನೊಂದು ನಾಳ ಹುಡುಕುವ ಕಷ್ಟ ಗೊತ್ತಿದ್ದವರಿಗೇ ಗೊತ್ತು.

ಅನುಮಾನವಿದ್ದರೆ 3 ಮಿ.ಲೀ. ನಾರ್ಮಲ್ ಸಲೈನನ್ನು ಸಿರಿಂಜಿನಿಂದ ಮೆಲ್ಲಗೆ ತಳ್ಳಿ, ಇನ್ನೊಂದು ಬೆರಳನ್ನು ಕ್ಯಾನುಲಾ ತುದಿಯ ಮೇಲಿನ ಚರ್ಮದ ಮೇಲಿಡಿ. ನಾಳದಲ್ಲಿದ್ದರೆ ಸಲೀಸಾಗಿ ಹೋಗುತ್ತದೆ, ಬೆರಳಿಗೆ ಏನೂ ಉಬ್ಬುವುದಿಲ್ಲ. ಉಬ್ಬಿದರೆ, ನಾಯಿ ಕಾಲೆಳೆದುಕೊಂಡರೆ, ತಳ್ಳಲು ಬಲ ಬೇಕಾದರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಿ ಗಡ್ಡೆ ತಳ್ಳಬೇಡಿ. ಬಾಟಲಿಯನ್ನು ಕಾಲಿಗಿಂತ ಕೆಳಗೆ ಇಳಿಸಿ, ರಕ್ತ ನಳಿಕೆಗೆ ಬರುತ್ತದೆಯೇ ನೋಡುವ ರೂಢಿಯೂ ಇದೆ. ಬಂದರೆ ಕ್ಯಾನುಲಾ ನಾಳದಲ್ಲೇ ಇರುವ ಸಾಧ್ಯತೆ ಹೆಚ್ಚು. ಬರದಿದ್ದರೆ ಏನೂ ಹೇಳಲಾಗದು, ಸಣ್ಣ ನಾಳದಲ್ಲಿ ಸರಿ ಇದ್ದರೂ ಬರುವುದಿಲ್ಲ.

ಕಾಲೂ ಸರಿ, ತೂಕವೂ ಸರಿ, ಆದರೂ ಮರಿ ಏಳುತ್ತಿಲ್ಲ ಅಂದರೆ ಅದು ಸಲೈನ್ ದೋಷವಲ್ಲ. ಸಕ್ಕರೆ, ಪೊಟ್ಯಾಷಿಯಂ ನೋಡಿಸಿ. ಪಾರ್ವೊ ಮರಿಗಳಲ್ಲಿ ಕರುಳೊಳಗೆ ಕರುಳು ಸೇರಿಕೊಳ್ಳುವುದೂ ಉಂಟು. ಹೊಟ್ಟೆ ಮುಟ್ಟಿದಾಗ ಗಟ್ಟಿ ಉದ್ದ ಗಂಟು ಸಿಕ್ಕಿದರೆ ಬೆಳಗಿನವರೆಗೆ ಕಾಯದೆ ಡಾಕ್ಟರಿಗೆ ಹೇಳಿ.

ಬಾಟಲಿ ಖಾಲಿಯೇ ಆಗದಿರುವುದು ಮೂರನೇ ಬಗೆ. ಇದು ಸುಲಭದ್ದು, ಮೇಲಿನಿಂದ ಕೆಳಗೆ ಬರುತ್ತಾ ನೋಡಿದರೆ ಸಿಕ್ಕೇ ಸಿಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ಹೋಗಲು ಚುಚ್ಚಿದ ಸೂಜಿ ಮುಚ್ಚಿದೆಯೇ, ನಳಿಕೆ ಪಂಜರದ ಬಾಗಿಲಿಗೆ ಸಿಕ್ಕಿದೆಯೇ, ತ್ರೀ-ವೇ ಕಿವಿ ಯಾವ ಕಡೆ ತಿರುಗಿದೆ. ಕೊನೆಗೆ ಮೊಣಕೈ. ಕಾಲು ನೀಡಿದಾಗ ಹನಿ ಶುರುವಾಗಿ, ಮಡಚಿದಾಗ ನಿಂತರೆ ಕ್ಯಾನುಲಾ ಅಲ್ಲೇ ಮಡಚುತ್ತಿದೆ. ಮರಿ ಮುದುಡಿ ಮಲಗಿದಷ್ಟು ಹೊತ್ತೂ ಸಲೈನ್ ಹೋಗುವುದಿಲ್ಲ. ಅದನ್ನು ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಹನಿ ನಿಂತಾಗ ರಾತ್ರಿಯವರು ವೇಗ ಏರಿಸುತ್ತಾರೆ, ಮರಿ ಕಾಲು ನೀಡಿದ ಕೂಡಲೇ ಸಲೈನ್ ನುಗ್ಗುತ್ತದೆ.

ಇಲ್ಲಿಂದಲೇ ನಾಲ್ಕನೆಯದು ಬರುತ್ತದೆ: ನೀರು ಜಾಸ್ತಿಯಾಗುವುದು. ರೋಲರ್ ತಾನಾಗಿ ಸಡಿಲಾಗಬಹುದು. ಜೊತೆಗಿದ್ದವರು, «ಲಗೂ ಹೋಗ್ಲಿ, ಲಗೂ ಆರಾಮ ಆಗ್ಲಿ» ಅಂತ ತಾವೇ ತಿರುಗಿಸಿರಲೂಬಹುದು. ಬೈದು ಉಪಯೋಗವಿಲ್ಲ, ಸಲೈನ್ ಅಂದರೆ ಶಕ್ತಿ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ಹನಿ ವೇಗ ಡಾಕ್ಟರ್ ಗೊತ್ತುಮಾಡಿದ್ದು, ಹೆಚ್ಚಾದರೆ ಪುಪ್ಪುಸಕ್ಕೆ ನೀರು ಸೇರುತ್ತದೆ ಅಂತ ಮೊದಲೇ ಕೂತು ಹೇಳಿದರೆ ಮುಟ್ಟುವುದಿಲ್ಲ.

ನೀರು ಜಾಸ್ತಿಯಾದಾಗ ಮೊದಲು ಹೇಳುವುದು ಉಸಿರು. ಮಲಗಿದ ನಾಯಿಯ ಉಸಿರು ನಿಮಿಷಕ್ಕೆ ಸಾಮಾನ್ಯವಾಗಿ 30ರ ಒಳಗಿರುತ್ತದೆ. ಅದು ಪ್ರತಿ ಗಂಟೆ ಏರುತ್ತಾ ಹೋದರೆ, ಮೂಗಿನಿಂದ ತಿಳಿನೀರು ಬಂದರೆ, ಕಣ್ಣಿನ ಬಿಳಿಭಾಗದ ಪೊರೆ ಜೆಲ್ಲಿಯಂತೆ ಉಬ್ಬಿದರೆ, ಹೊಸದಾಗಿ ಕೆಮ್ಮು ಬಂದರೆ ಸಲೈನ್ ನಿಲ್ಲಿಸಿ ಫೋನ್ ಮಾಡಿ. ಕ್ಯಾನುಲಾ ತೆಗೆಯಬೇಡಿ, ಔಷಧಿ ಕೊಡಲು ಅದು ಬೇಕು. ತೂಕ ಗುರಿಯ 13 ದಾಟಿ ಏರುತ್ತಲೇ ಇದ್ದರೆ ಉಸಿರು ಸರಿ ಇದ್ದರೂ ತಿಳಿಸಬೇಕು.

ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಇದಕ್ಕೊಂದು ತೊಡಕಿದೆ. ಏಪ್ರಿಲ್ ಮೇನಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಎಲ್ಲ ನಾಯಿಗಳೂ ತೇಕುತ್ತವೆ. ತೇಕುವಾಗ ಎಣಿಸಿದ ಉಸಿರಿಗೆ ಬೆಲೆಯಿಲ್ಲ. ಬಾಯಿ ಮುಚ್ಚಿ ನಿದ್ದೆಯಲ್ಲಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ, ಪಕ್ಕದಲ್ಲಿ «ಫ್ಯಾನ್ ಇತ್ತು» ಅಥವಾ «ಇರಲಿಲ್ಲ» ಅಂತ ಬರೆಯಿರಿ. ತಂಪಾದ ಮೇಲೂ, ಬಾಯಿ ಮುಚ್ಚಿದಾಗಲೂ ಉಸಿರು 40ರ ಮೇಲೇ ಇದ್ದರೆ ಅದು ಸೆಕೆಯಲ್ಲ.

ಬೆಳಿಗ್ಗೆ 8ರ ಚೀಟಿ

ಆ ರಾತ್ರಿ ಪಾಳಿಯಿಂದ ಬೆಳಗಿನವರಿಗೆ ಹೋದ ಚೀಟಿ ಇದು. ಒಂದೇ ಪುಟ. ಬರೆದದ್ದನ್ನು ಪಂಜರದ ಮುಂದೆ ನಿಂತು ಓದಿ ಹೇಳಿ, ಇಬ್ಬರೂ ಸೇರಿ ಕಾಲು ಮುಟ್ಟಿ ನೋಡಿದ ಮೇಲೆ ರಾತ್ರಿಯವರು ಮನೆಗೆ ಹೋದರು.

> ಮುಧೋಳ ಮರಿ, 5 ತಿಂಗಳು, ಪಾರ್ವೊ. ಬೇರೆ ನಾಯಿಗಳೆಲ್ಲ ಮುಗಿದ ಮೇಲೆ ಕೊನೆಗೆ ಇದನ್ನು ಮುಟ್ಟಿ, ಗ್ಲೌಸ್ ಹಾಕಿ.
>
> ರಾತ್ರಿ ಆದದ್ದು: ತ್ರೀ-ವೇ ಜೋಡಣೆ ಸೋರಿ ಸುಮಾರು 300 ಮಿ.ಲೀ. ಒಳಗೆ ಹೋಗಿಲ್ಲ. ಸಕ್ಕರೆ 58ಕ್ಕೆ ಇಳಿದಿತ್ತು, ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ 112. ಸೆಟ್, ತ್ರೀ-ವೇ ಹೊಸದು.
>
> ಈಗ: ಆರ್‌ಎಲ್ + 2.5% ಡೆಕ್ಸ್‌ಟ್ರೋಸ್ + ಪೊಟ್ಯಾಷಿಯಂ. 20 ಹನಿ ಸೆಟ್. 15 ಸೆಕೆಂಡಿಗೆ 8 ಹನಿ. ರೋಲರ್ ಪೂರ್ತಿ ತೆರೆಯಬಾರದು.
>
> 1. ಕಾಲು: ಗಂಟೆಗೊಮ್ಮೆ. ಎಡ ಮುಂಗಾಲು, ನೀಲಿ ಕ್ಯಾನುಲಾ, ನಿನ್ನೆ ಮಧ್ಯಾಹ್ನ ಹಾಕಿದ್ದು. ಜೋಡಣೆ ಬೆರಳಿಂದ ಮುಟ್ಟಿ, ಒಣಗಿರಬೇಕು. ಇಂಜೆಕ್ಷನ್ ಕೊಟ್ಟ ಪ್ರತಿ ಸಲವೂ ಮತ್ತೆ ಮುಟ್ಟಿ ನೋಡಿ.
>
> 2. ತೂಕ: 8ಕ್ಕೆ 12.5. ಮಧ್ಯಾಹ್ನ 2ಕ್ಕೆ 12.8 ಹತ್ತಿರ, ಸಂಜೆ 6ಕ್ಕೆ 13.0 ಬರಬೇಕು. 2ಕ್ಕೆ 12.6ಕ್ಕಿಂತ ಕಡಿಮೆ ಇದ್ದರೂ, 13.2 ದಾಟಿದರೂ ಫೋನ್.
>
> 3. ಸಕ್ಕರೆ: ನಾಲ್ಕು ಗಂಟೆಗೊಮ್ಮೆ. ಈಗ 96. 70ಕ್ಕಿಂತ ಕೆಳಗೆ ಫೋನ್. ಮರಿ ತೂಕಡಿಸಿದರೆ, ನಡುಗಿದರೆ ಆಗಲೇ ನೋಡಿ.
>
> 4. ಉಸಿರು: ಎರಡು ಗಂಟೆಗೊಮ್ಮೆ, ನಿದ್ದೆಯಲ್ಲಿ. ಈಗ 24. 40 ದಾಟಿದರೆ ಸಲೈನ್ ನಿಲ್ಲಿಸಿ ಫೋನ್.
>
> 5. ಮೂತ್ರ: ಗಂಟೆಗೆ 12ರಿಂದ 24 ಮಿ.ಲೀ. ಬರಬೇಕು. ಬಟ್ಟೆ ತೂಗಿ. ಹಸಿ ಹಿಂದಿದೆಯೋ ಮುಂದಿದೆಯೋ ಬರೆಯಿರಿ. 4ರಿಂದ 8ರವರೆಗೆ 70 ಬಂದಿದೆ.
>
> ಬಾಕಿ ಕೆಲಸ: 10ಕ್ಕೆ ಪೊಟ್ಯಾಷಿಯಂ ರಕ್ತಪರೀಕ್ಷೆ. ಸಲೈನ್ ಕಾಲಿನಿಂದ ರಕ್ತ ತೆಗೆಯಬೇಡಿ.

ಕ್ರಮಸಂಖ್ಯೆ ಸುಮ್ನೆ ಹಾಕಿದ್ದಲ್ಲ. ಬೆಳಿಗ್ಗೆ ಹತ್ತು ನಾಯಿ ಒಟ್ಟಿಗೆ ಬಂದು, ಒಂದೇ ಕೆಲಸಕ್ಕೆ ಸಮಯವಿದೆ ಅಂದರೆ ಮೊದಲನೆಯದನ್ನಾದರೂ ಮಾಡಲಿ ಅಂತ. ಹಿಂದಿನ ರಾತ್ರಿ ಸೋರಿದ ಮರಿಗೆ ಕಾಲೇ ಮೊದಲು. ಹೃದಯದ ತೊಂದರೆ ಇರುವ ಮುದಿ ನಾಯಿಯಾಗಿದ್ದರೆ ಉಸಿರನ್ನು ಮೊದಲು ಬರೆಯುತ್ತಿದ್ದೆವು, ಮೂತ್ರ ಕಟ್ಟಿದ ನಾಯಿಯಾಗಿದ್ದರೆ ಮೂತ್ರವನ್ನು. ಅಚ್ಚು ಹಾಕಿಸಿದ ಫಾರಂ ಒಳ್ಳೆಯದೇ, ಆದರೆ ಅದರಲ್ಲಿ ಎಲ್ಲ ನಾಯಿಗೂ ಒಂದೇ ಕ್ರಮ ಇರುತ್ತದೆ. ನಾವು ಫಾರಂ ಮೇಲ್ಗಡೆ ಕೈಯಲ್ಲೇ 1, 2, 3 ಬರೆಯುತ್ತೇವೆ.

ಕೊನೆಯ ಸಾಲಿನ ಕಾರಣವನ್ನೂ ಹೇಳಬೇಕು. ಸಲೈನ್ ಹೋಗುತ್ತಿರುವ ಕಾಲಿನಿಂದಲೇ ರಕ್ತ ತೆಗೆದರೆ ಬಾಟಲಿಯಲ್ಲಿರುವ ಸಕ್ಕರೆ, ಪೊಟ್ಯಾಷಿಯಂ ಬೆರೆತು ವರದಿ ಚೆನ್ನಾಗಿ ಬರುತ್ತದೆ. ಆ ವರದಿ ನೋಡಿ ಡಾಕ್ಟರ್ ಔಷಧಿ ಕಡಿಮೆ ಮಾಡಿದರೆ ಮರಿಗೇ ಕಷ್ಟ.

ಈ ತೂಕದ ಲೆಕ್ಕ ಮರಿ ತಿನ್ನಲು, ಕುಡಿಯಲು ಶುರು ಮಾಡುವವರೆಗೆ ಮಾತ್ರ. ಬಟ್ಟಲಿನ ನೀರು ಇಳಿಯತೊಡಗಿದ ಮೇಲೆ ಅದನ್ನೂ ಅಳೆದು ಒಳಗೆ ಹೋದ ಲೆಕ್ಕಕ್ಕೆ ಸೇರಿಸಬೇಕು. ವಾಂತಿ ನಿಂತು, ಕುಡಿದದ್ದು ಒಳಗೆ ಉಳಿಯುತ್ತಿದೆ ಅಂದರೆ ಡಾಕ್ಟರ್ ಸಲೈನ್ ವೇಗವನ್ನು ದಿನದಲ್ಲಿ ಹಂತ ಹಂತವಾಗಿ ಇಳಿಸುತ್ತಾರೆ. ಆಗ ಚೀಟಿಯಲ್ಲಿನ ಹನಿ, ಬಾಟಲಿ ಟೇಪಿನ ಗೆರೆ, ಬರಬೇಕಾದ ತೂಕ, ಮೂರನ್ನೂ ಒಟ್ಟಿಗೆ ತಿದ್ದಿ. ಒಂದನ್ನು ತಿದ್ದಿ ಎರಡನ್ನು ಬಿಟ್ಟರೆ ಮುಂದಿನ ಪಾಳಿಯವರು ಇಲ್ಲದ ದೋಷವನ್ನು ಹುಡುಕುತ್ತಾ ಕೂರುತ್ತಾರೆ.